ನಾಲ್ಕು ಸಲಹೆ ಉಂಟು, ನಾಲ್ಕು ‘ಅಡ್ವೈಸಸ್’ ಯಾಕಿಲ್ಲ?

ನಮ್ಮ ಬೀದಿಯ ಕೊನೆಯ ಮನೆಯ ಗೆಳತಿ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಹೊಸ ವಾಚನಾಲಯಕ್ಕೆ ಬೇಕಾದ ಮರದ ಸಾಮಾನು ತರಿಸಲು ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು, ಕಳಿಸುವ ಮುಂಚೆ ಒಮ್ಮೆ ನೋಡಿ ಎಂದು ನನ್ನ ಕೈಗೆ ಕೊಟ್ಟರು. ಮೂರೇ ವಾಕ್ಯದ ಪತ್ರ. ‘ವೀ ರಿಕ್ವೈರ್ ಟ್ವೆಲ್ವ್ ಫರ್ನಿಚರ್ಸ್. ಪ್ಲೀಸ್ ಸೆಂಡ್ ಆಲ್ ದೀಸ್ ಇನ್‌ಫರ್ಮೇಶನ್ಸ್ ಬೈ ಮಂಡೇ. ಯುವರ್ ಅಡ್ವೈಸಸ್ ವರ್ ಯೂಸ್‌ಫುಲ್ ಅಂಡ್ ವೀ ಫಾಲೋಡ್ ದೆಮ್.’

ಫರ್ನಿಚರ್, ಇನ್‌ಫರ್ಮೇಶನ್, ಅಡ್ವೈಸ್ ಈ ಮೂರಕ್ಕೂ ಬಹುವಚನದ ‘ಎಸ್’ ಹತ್ತುವುದಿಲ್ಲ ಎಂದೆ. ಅವರು ತಕ್ಷಣ ಕೇಳಿದರು: “ಕುರ್ಚಿ ಎಣಿಸ್ತೀವಿ, ಮೇಜು ಎಣಿಸ್ತೀವಿ. ಎರಡೂ ಸೇರಿದ್ರೆ ಫರ್ನಿಚರ್. ಅದನ್ನ ಮಾತ್ರ ಯಾಕ್ರೀ ಎಣಿಸಬಾರದು? ನೀರಾದ್ರೆ ಸರಿ, ಎಣಿಸೋಕೆ ಬರಲ್ಲ. ಮಂಚ ಎಣಿಸೋಕೆ ಬರಲ್ವ?”

ಈ ಪ್ರಶ್ನೆಗೆ ಶಾಲೆಯ ಪುಸ್ತಕದಲ್ಲಿ ಉತ್ತರ ಇಲ್ಲ. ಎಣಿಸಲು ಬರುವ ವಸ್ತುಗಳ ಹೆಸರು ಕೌಂಟಬಲ್, ಎಣಿಸಲು ಬಾರದ ವಸ್ತುಗಳ ಹೆಸರು ಅನ್‌ಕೌಂಟಬಲ್ ಎಂದು ಅದು ಹೇಳಿ ಮುಗಿಸುತ್ತದೆ. ಹಾಲು, ಎಣ್ಣೆ, ಮರಳು, ಗಾಳಿಯ ಮಟ್ಟಿಗೆ ಆ ಮಾತು ನಿಲ್ಲುತ್ತದೆ. ಮಂಚದ ಮುಂದೆ ಬಂದಾಗ ಬಿದ್ದುಹೋಗುತ್ತದೆ. ದುಡ್ಡಿನ ಮುಂದೆ ಇನ್ನೂ ಕೆಟ್ಟದಾಗಿ ಬೀಳುತ್ತದೆ: ಲೋಕದಲ್ಲಿ ಜನ ಅತಿ ಹೆಚ್ಚು ಎಣಿಸುವುದು ದುಡ್ಡನ್ನೇ, ಆದರೆ ಇಂಗ್ಲಿಷಿನಲ್ಲಿ ‘ಮನಿ’ ಎಣಿಕೆಗೆ ಸಿಗದ ಪದ. ಆದ್ದರಿಂದ ನಿಯಮ ಇರುವುದು ವಸ್ತುವಿನಲ್ಲಿ ಅಲ್ಲ, ಪದದಲ್ಲಿ. ಒಂದೇ ವಸ್ತುವಿಗೆ ಎಣಿಕೆಗೆ ಸಿಗುವ ಒಂದು ಹೆಸರು, ಸಿಗದ ಇನ್ನೊಂದು ಹೆಸರು ಇರಬಹುದು. ಕಾಲಿಗೆ ಹಾಕುವುದು ‘ಶೂಸ್’ ಆದರೆ ಬಹುವಚನ, ಅದನ್ನೇ ‘ಫುಟ್‌ವೇರ್’ ಎಂದರೆ ಬಹುವಚನವಿಲ್ಲ. ಮರದ ಮೇಲಿನ ‘ಲೀವ್ಸ್’ ಎಣಿಸಬಹುದು, ಅದೇ ಎಲೆಗಳನ್ನು ‘ಫೋಲಿಯೇಜ್’ ಎಂದು ಕರೆದೊಡನೆ ಎಣಿಕೆ ನಿಂತುಹೋಗುತ್ತದೆ. ಎಲೆ ಬದಲಾಗಿಲ್ಲ, ಹೆಸರು ಬದಲಾಗಿದೆ ಅಷ್ಟೆ.

ಹಾಗಾದರೆ ಇಂಗ್ಲಿಷ್ ಮನೆಮಾತಿನವರಿಗೆ ಫರ್ನಿಚರ್ ಎಂದಾಗ ಕುರ್ಚಿ ಮೇಜುಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲವೇ? ಡೇವಿಡ್ ಬಾರ್ನರ್ ಮತ್ತು ಜೆಸ್ಸಿ ಸ್ನೆಡೆಕರ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅವರು ಇಬ್ಬರ ಮುಂದೆ ವಸ್ತುಗಳನ್ನಿಟ್ಟು, ಯಾರ ಹತ್ತಿರ ಹೆಚ್ಚಿದೆ ಎಂದು ದೊಡ್ಡವರನ್ನೂ ನಾಲ್ಕು ವರ್ಷದ ಆಸುಪಾಸಿನ ಮಕ್ಕಳನ್ನೂ ಕೇಳಿದರು. ಒಬ್ಬರ ಮುಂದೆ ಇದ್ದದ್ದು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡದು. ಇನ್ನೊಬ್ಬರ ಮುಂದೆ ಇದ್ದದ್ದು ಸಂಖ್ಯೆಯಲ್ಲಿ ಹೆಚ್ಚು, ಗಾತ್ರದಲ್ಲಿ ಸಣ್ಣದು. ಶೂಗಳಾದಾಗ ಜನ ಸಂಖ್ಯೆ ನೋಡಿ ಉತ್ತರಿಸಿದರು. ಟೂತ್‌ಪೇಸ್ಟಿನಂಥ ವಸ್ತುವಾದಾಗ ಒಟ್ಟು ಪ್ರಮಾಣ ನೋಡಿದರು. ಫರ್ನಿಚರ್ ಎಂಬ ಪದ ಬಳಸಿ ಕೇಳಿದಾಗ ಟೂತ್‌ಪೇಸ್ಟಿನಂತೆ ಪ್ರಮಾಣ ನೋಡಬೇಕಿತ್ತಲ್ಲ? ನೋಡಲಿಲ್ಲ. ಅಲ್ಲೂ ಸಂಖ್ಯೆಯನ್ನೇ ಎಣಿಸಿದರು. ಎಂದರೆ ಇಂಗ್ಲಿಷ್ ಮನೆಮಾತಿನ ಮಗುವಿಗೂ ಕುರ್ಚಿ ಕುರ್ಚಿಯಾಗಿಯೇ ಕಾಣುತ್ತದೆ. ಕಣ್ಣು ಎಣಿಸುತ್ತದೆ, ವ್ಯಾಕರಣ ಮಾತ್ರ ಒಪ್ಪುವುದಿಲ್ಲ. ನನ್ನ ಗೆಳತಿಯ ಪ್ರಶ್ನೆ ದಡ್ಡ ಪ್ರಶ್ನೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ವ್ಯಾಕರಣ ಯಾಕೆ ಒಪ್ಪುವುದಿಲ್ಲ ಎನ್ನುವುದಕ್ಕೆ ಪದದ ಹುಟ್ಟು ನೋಡಬೇಕು. ಫರ್ನಿಚರ್ ಬಂದದ್ದು ಫ್ರೆಂಚಿನಿಂದ. ಅಲ್ಲಿನ ‘ಫೂರ್ನೀರ್’ ಕ್ರಿಯಾಪದಕ್ಕೆ ಒದಗಿಸು, ಸಜ್ಜುಗೊಳಿಸು ಎಂಬ ಅರ್ಥ. ಇಂಗ್ಲಿಷಿಗೆ ಬಂದಾಗಲೂ ಅದು ಮೊದಲು ಕುರ್ಚಿ ಮೇಜಿನ ಹೆಸರಾಗಿರಲಿಲ್ಲ, ಸಜ್ಜುಗೊಳಿಸುವ ಕೆಲಸ ಮತ್ತು ಅದಕ್ಕೆ ಬೇಕಾದ ಒಟ್ಟು ಪರಿಕರ ಎಂಬ ಅರ್ಥದಲ್ಲಿತ್ತು. ಕುದುರೆಯ ಜೀನು, ಲಗಾಮುಗಳಿಗೆ ‘ಹಾರ್ಸ್ ಫರ್ನಿಚರ್’ ಎನ್ನುವ ಬಳಕೆ ಇಂಗ್ಲಿಷಿನಲ್ಲಿ ಇತ್ತು. ನಾವು ಇದಕ್ಕೆ ಏನು ಹೇಳುತ್ತೇವೆ? ಕುದುರೆಯ ಸಜ್ಜು. ಈಗ ಕನ್ನಡದಲ್ಲೇ ಎಣಿಸಿ ನೋಡಿ. ಸಜ್ಜಿನಲ್ಲಿ ಜೀನು, ಲಗಾಮು, ರಿಕಾಪು ಎಲ್ಲ ಇದ್ದರೂ ‘ಮೂರು ಸಜ್ಜು’ ಎಂದು ಯಾರೂ ಹೇಳುವುದಿಲ್ಲ. ಫರ್ನಿಚರ್ ಎಂದರೆ ಮನೆಯ ಸಜ್ಜು. ಆ ಒಂದು ಮಾತು ಹಿಡಿದರೆ ಅದರ ವ್ಯಾಕರಣ ಅಪರಿಚಿತ ಎನಿಸುವುದಿಲ್ಲ.

ನನಗೆ ಈ ವಿಷಯದಲ್ಲಿ ಮುಖ್ಯವಾಗಿ ಕಂಡದ್ದೇ ಇದು. ಎಣಿಕೆಗೆ ಸಿಗದ ಪದ ಕನ್ನಡಕ್ಕೆ ಹೊಸದಲ್ಲ. ನಾವು ಇಂಗ್ಲಿಷ್ ಪದಕ್ಕೆ ಯಾವ ಕನ್ನಡ ಪದವನ್ನು ಜೋಡಿಸಿಕೊಂಡು ಕಲಿತೆವೋ ಅಲ್ಲಿ ತೊಡಕಿದೆ. ಅಡ್ವೈಸ್ ಎಂದರೆ ಸಲಹೆ ಎಂದು ಕಲಿತೆವು. ಸಲಹೆಯನ್ನು ನಾವು ನಿರಾತಂಕವಾಗಿ ಎಣಿಸುತ್ತೇವೆ: ಒಂದು ಸಲಹೆ, ನಾಲ್ಕು ಸಲಹೆ, ಹಲವು ಸಲಹೆಗಳು. ಆ ಲೆಕ್ಕವೇ ಇಂಗ್ಲಿಷಿಗೆ ಹೋಗಿ ‘ಫೋರ್ ಅಡ್ವೈಸಸ್’ ಆಗುತ್ತದೆ. ಅದರ ಬದಲು ಅಡ್ವೈಸ್ ಎಂದರೆ ಬುದ್ಧಿವಾದ ಎಂದು ಕಲಿತಿದ್ದರೆ? ‘ಅಪ್ಪ ಮಗನಿಗೆ ನಾಲ್ಕು ಬುದ್ಧಿವಾದ ಹೇಳಿದರು’ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ‘ಬುದ್ಧಿ ಹೇಳಿದರು’ ಎನ್ನುತ್ತೇವೆ. ಎಣಿಸಲೇಬೇಕು ಎಂದಾಗ ‘ನಾಲ್ಕು ಬುದ್ಧಿಮಾತು ಹೇಳಿದರು’ ಎನ್ನುತ್ತೇವೆ. ಇಲ್ಲಿ ಎಣಿಸಿದ್ದು ಬುದ್ಧಿಯನ್ನಲ್ಲ, ಮಾತನ್ನು. ಇಂಗ್ಲಿಷಿನ ‘ಫೋರ್ ಪೀಸಸ್ ಆಫ್ ಅಡ್ವೈಸ್’ ಮಾಡುವ ಕೆಲಸ ಕೂಡ ಇದೇ. ಅಲ್ಲಿ ‘ಪೀಸ್’ ಏನೋ ಇಲ್ಲಿ ‘ಮಾತು’ ಅದೇ.

ಇನ್‌ಫರ್ಮೇಶನ್ ಕಥೆಯೂ ಹೀಗೆಯೇ. ಅದರ ಹಿಂದಿರುವ ಕ್ರಿಯಾಪದ ‘ಇನ್‌ಫಾರ್ಮ್’, ತಿಳಿಸು. ಅದನ್ನು ಮಾಹಿತಿ ಎಂದು ಕಲಿತವರು ‘ಮಾಹಿತಿಗಳು’ ಎಂದು ಬರೆದಂತೆ ಅಲ್ಲೂ ‘ಎಸ್’ ಹಚ್ಚುತ್ತಾರೆ. ತಿಳಿವಳಿಕೆ ಎಂಬ ಪದವನ್ನು ಪಕ್ಕದಲ್ಲಿಟ್ಟು ನೋಡಿ. ‘ನನ್ನ ಹತ್ತಿರ ಐದು ತಿಳಿವಳಿಕೆ ಇವೆ’ ಎಂದು ಯಾರೂ ಅನ್ನುವುದಿಲ್ಲ.

ಅಡುಗೆಮನೆಯಲ್ಲಂತೂ ನಾವು ಈ ವಿದ್ಯೆಯಲ್ಲಿ ಪಳಗಿದವರು. ಬೆಲ್ಲವನ್ನು ಎಣಿಸುವುದಿಲ್ಲ, ಅಚ್ಚನ್ನು ಎಣಿಸುತ್ತೇವೆ. ಬೆಳ್ಳುಳ್ಳಿಗೆ ಎಸಳು, ಉಪ್ಪಿಗೆ ಹರಳು, ನೀರಿಗೆ ಗುಟುಕು, ಅಕ್ಕಿಗೆ ಕಾಳು, ಹಿಡಿ, ಪಾವು, ಸೇರು. ಎರಡು ಅಚ್ಚು ಬೆಲ್ಲ ಎನ್ನುವವರಿಗೆ ಎರಡು ‘ಪೀಸ್’ ಅಡ್ವೈಸ್ ಎನ್ನುವುದು ಕಷ್ಟವಾಗಬೇಕಾದದ್ದೇ ಇಲ್ಲ.

ಆದರೂ ಕನ್ನಡದ ಮನಸ್ಸು ಇಲ್ಲಿ ಎಡವುವುದಕ್ಕೆ ಇನ್ನೂ ಒಂದು ಕಾರಣವಿದೆ. ಎಣಿಕೆಯ ವಿಷಯದಲ್ಲಿ ನಮ್ಮ ಭಾಷೆ ಬಹಳ ಉದಾರಿ. ‘ಎಷ್ಟು ನೀರು?’ ಎಂದೂ ಕೇಳುತ್ತೇವೆ, ‘ಎಷ್ಟು ಕುರ್ಚಿ?’ ಎಂದೂ ಕೇಳುತ್ತೇವೆ. ಇಂಗ್ಲಿಷ್ ‘ಹೌ ಮಚ್’, ‘ಹೌ ಮೆನಿ’ ಎಂದು ಎರಡಾಗಿ ಒಡೆದ ಪ್ರಶ್ನೆ ನಮ್ಮಲ್ಲಿ ಒಂದೇ. ಸಂಖ್ಯೆ ಹೇಳಿದ ಮೇಲೆ ‘ಗಳು’ ಹಚ್ಚುವುದು ಕಡ್ಡಾಯವೂ ಅಲ್ಲ. ಹತ್ತು ಮರ ಎಂದರೂ ಸರಿ, ಹತ್ತು ಮರಗಳು ಎಂದರೂ ಸರಿ. ಹೀಗಿರುವ ಭಾಷೆಗೆ ಬಂದ ಇಂಗ್ಲಿಷ್ ಪದ ಇಲ್ಲಿನ ನೀರು ಕುಡಿದು ಇಲ್ಲಿಯದೇ ಆಗುತ್ತದೆ. ಬಸ್ಸಿನಲ್ಲಿ ಕಂಡಕ್ಟರು ‘ಮೂರು ಲಗೇಜ್ ಯಾರದ್ರೀ?’ ಎಂದು ಕೇಳಿದರೆ ಅದು ಸರಿಯಾದ ಕನ್ನಡ. ‘ಮನೆಗೆ ಎರಡು ಫರ್ನಿಚರ್ ತಂದೆವು’ ಎನ್ನುವುದೂ ತಪ್ಪಲ್ಲ. ಕನ್ನಡದಲ್ಲಿ ಹಾಗೆ ಮಾತಾಡುವವರನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ ಎಂದೇ ನನ್ನ ನಂಬಿಕೆ. ಅದೇ ಪದ ಇಂಗ್ಲಿಷ್ ವಾಕ್ಯಕ್ಕೆ ಮರಳುವಾಗ ಕನ್ನಡದ ಲೆಕ್ಕವನ್ನೂ ಹೊತ್ತುಕೊಂಡು ಹೋಗುತ್ತದೆ, ಆಗ ‘ತ್ರೀ ಲಗೇಜಸ್’ ಆಗುತ್ತದೆ. ತಪ್ಪಾಗುವುದು ಆ ಮರಳುವ ದಾರಿಯಲ್ಲಿ.

ಆ ದಾರಿಯಲ್ಲಿ ಕೈಹಿಡಿಯುವ ಪದವೊಂದು ಕನ್ನಡದಲ್ಲೇ ಇದೆ, ‘ಸ್ವಲ್ಪ’. ಕುರ್ಚಿಗೆ ‘ಕೆಲವು’ ಹೊಂದುತ್ತದೆ, ‘ಸ್ವಲ್ಪ ಕುರ್ಚಿ’ ಎಂದರೆ ಕಿವಿಗೆ ಕರಕರ. ನೀರಿಗೆ ‘ಸ್ವಲ್ಪ’ ಹೊಂದುತ್ತದೆ, ‘ಕೆಲವು ನೀರು’ ಆಗದು. ಮಾಹಿತಿಯಾದರೋ ಎರಡು ದೋಣಿಯಲ್ಲಿ ಕಾಲಿಟ್ಟಿದೆ: ಕೆಲವು ಮಾಹಿತಿ, ಸ್ವಲ್ಪ ಮಾಹಿತಿ, ಎರಡೂ ನಡೆಯುತ್ತವೆ. ಲಗೇಜು, ಫರ್ನಿಚರ್, ಸಲಹೆ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಬರೆಯುವಾಗ ಈ ಪದಗಳನ್ನು ‘ಸ್ವಲ್ಪ’ದ ಕಡೆಯ ದೋಣಿಗೆ ಹತ್ತಿಸಿಬಿಡಿ. ‘ಸ್ವಲ್ಪ ಮಾಹಿತಿ ಬೇಕು’ ಎಂದು ಯೋಚಿಸಿದವರ ಕೈಯಲ್ಲಿ ‘ಸಮ್ ಇನ್‌ಫರ್ಮೇಶನ್’ ಬರುತ್ತದೆ. ‘ಒಂದು ಮಾಹಿತಿ ಬೇಕು’ ಎಂದು ಯೋಚಿಸಿದವರ ಕೈಯಲ್ಲಿ ‘ಆನ್ ಇನ್‌ಫರ್ಮೇಶನ್’ ಬರುತ್ತದೆ. ಇದಕ್ಕೂ ಒಂದು ಮಿತಿ ಇದೆ ಎನ್ನಬೇಕು. ‘ಸ್ವಲ್ಪ ಜನ ಬಂದಿದ್ದರು’, ‘ಸ್ವಲ್ಪ ದಿನ ಕಳೆಯಲಿ’ ಎಂದು ನಾವು ಅನ್ನುತ್ತೇವೆ, ಆದರೆ ಇಂಗ್ಲಿಷಿನಲ್ಲಿ ದಿನವೂ ಜನರೂ ಎಣಿಕೆಗೆ ಸಿಗುತ್ತಾರೆ. ಆದ್ದರಿಂದ ಈ ಉಪಾಯವನ್ನು ಸಂಶಯ ಬಂದ ಪದಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಗೆಳತಿಯ ಪತ್ರಕ್ಕೆ ಬರೋಣ. ಅವರು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಿದ್ದುಪಡಿ. ಮೂರೂ ಕಡೆ ‘ಎಸ್’ ಅಳಿಸಿದರು. ಆಗ ಉಳಿದದ್ದು ‘ಟ್ವೆಲ್ವ್ ಫರ್ನಿಚರ್’, ‘ದೀಸ್ ಇನ್‌ಫರ್ಮೇಶನ್’, ‘ಅಡ್ವೈಸ್ ವರ್’, ‘ಫಾಲೋಡ್ ದೆಮ್’. ಬಾಲ ಕತ್ತರಿಸಿದರೂ ತಪ್ಪು ಹಾಗೇ ಉಳಿಯಿತು. ಬಹುವಚನ ಒಂದು ಅಕ್ಷರದಲ್ಲಿ ಇರುವುದಿಲ್ಲ, ವಾಕ್ಯದ ತುಂಬ ಹರಡಿರುತ್ತದೆ. ಪದದ ಹಿಂದಿರುವ ಸಂಖ್ಯೆ, ಅದರ ಪಕ್ಕದ ‘ದೀಸ್’ ಅಥವಾ ‘ಮೆನಿ’, ಅದರ ಮುಂದಿನ ಕ್ರಿಯಾಪದ, ಮುಂದಿನ ವಾಕ್ಯದಲ್ಲಿ ಅದರ ಬದಲಿಗೆ ಬರುವ ಸರ್ವನಾಮ ಎಲ್ಲವೂ ಅದನ್ನು ಹೇಳುತ್ತಿರುತ್ತವೆ. ಎಚ್ಚರದಿಂದ ಬರೆಯುವವರೂ ಹೆಚ್ಚಾಗಿ ಸೋಲುವುದು ಆ ಕೊನೆಯ ಸರ್ವನಾಮದಲ್ಲಿ. ‘ಅಡ್ವೈಸ್’ ಎಂದು ಸರಿಯಾಗಿಯೇ ಬರೆದು, ಮುಂದಿನ ಸಾಲಿನಲ್ಲಿ ನಾಲ್ಕು ಸಲಹೆ ಕಣ್ಣಮುಂದೆ ಬಂದು ‘ದೆಮ್’ ಎಂದು ಬರೆದುಬಿಡುತ್ತಾರೆ. ಅಲ್ಲಿ ‘ಇಟ್’ ಬೇಕು.

ಎರಡನೆಯ ಸಲ ಅವರು ‘ಟ್ವೆಲ್ವ್ ಪೀಸಸ್ ಆಫ್ ಫರ್ನಿಚರ್’ ಎಂದು ಬರೆದರು. ವ್ಯಾಕರಣ ಸರಿಹೋಯಿತು. ಆದರೆ ಅಂಗಡಿಯವರಿಗೆ ಇದರಿಂದ ಏನು ತಿಳಿಯಿತು? ಏನೂ ಇಲ್ಲ. ಹನ್ನೆರಡರಲ್ಲಿ ಯಾವುದು ಎಷ್ಟು ಎಂದು ಕೇಳಿದೆ. ಎಂಟು ಕುರ್ಚಿ, ಮೂರು ಮೇಜು, ಒಂದು ಪುಸ್ತಕದ ಕಪಾಟು ಎಂದರು. ಅದನ್ನೇ ಬರೆಯಿರಿ ಎಂದೆ: ‘ಎಯ್ಟ್ ಚೇರ್ಸ್, ತ್ರೀ ಟೇಬಲ್ಸ್ ಅಂಡ್ ಎ ಬುಕ್‌ಕೇಸ್’. ಎಣಿಸಬೇಕಾದಾಗ ಗುಂಪಿನ ಹೆಸರು ಬಿಟ್ಟು ಬಿಡಿಯ ಹೆಸರು ಹಿಡಿಯಬೇಕು. ಇಂಗ್ಲಿಷ್ ಬಲ್ಲವರು ಹೆಚ್ಚಿನ ಸಂದರ್ಭದಲ್ಲಿ ಮಾಡುವುದು ಇದನ್ನೇ. ‘ಪೀಸ್ ಆಫ್’ ಎಂಬುದು ವ್ಯಾಕರಣ ಪುಸ್ತಕದಲ್ಲಿ ಕಾಣುವಷ್ಟು ಸಲ ಅವರ ಮಾತಿನಲ್ಲಿ ಕಾಣುವುದಿಲ್ಲ. ಲಗೇಜಿಗೆ ಬಿಡಿ ಹೆಸರು ‘ಬ್ಯಾಗ್’, ಮಷಿನರಿಗೆ ‘ಮಷಿನ್’, ಹೋಮ್‌ವರ್ಕಿಗೆ ‘ಎಕ್ಸರ್‌ಸೈಜ್’, ಪೊಯೆಟ್ರಿಗೆ ‘ಪೊಯೆಮ್’, ಕೆಲಸ ಎಂಬರ್ಥದ ‘ವರ್ಕ್’ಗೆ ‘ಜಾಬ್’ ಅಥವಾ ‘ಟಾಸ್ಕ್’. ಇನ್‌ಫರ್ಮೇಶನ್ ಬಿಡಿಬಿಡಿಯಾಗಿ ಬೇಕಾದರೆ ‘ಡೀಟೇಲ್ಸ್’. ಅಡ್ವೈಸ್ ಎಣಿಸಬೇಕಾದರೆ ‘ಸಜೆಶನ್ಸ್’. ಹೀಗೆ ಜೋಡಿಯಾಗಿ ಕಲಿತರೆ ಉದ್ದನೆಯ ಪಟ್ಟಿ ಬಾಯಿಪಾಠ ಮಾಡುವ ಗೋಜಿಲ್ಲ.

ಕೊನೆಗೆ ಪತ್ರ ಹೀಗಾಯಿತು: ‘ವೀ ರಿಕ್ವೈರ್ ಎಯ್ಟ್ ಚೇರ್ಸ್, ತ್ರೀ ಟೇಬಲ್ಸ್ ಅಂಡ್ ಎ ಬುಕ್‌ಕೇಸ್. ಪ್ಲೀಸ್ ಸೆಂಡ್ ದ ಪ್ರೈಸಸ್ ಅಂಡ್ ಅದರ್ ಡೀಟೇಲ್ಸ್ ಬೈ ಮಂಡೇ. ಯುವರ್ ಅಡ್ವೈಸ್ ವಾಸ್ ಯೂಸ್‌ಫುಲ್ ಅಂಡ್ ವೀ ಫಾಲೋಡ್ ಇಟ್.’ ಮೂರು ಪದಗಳಲ್ಲಿ ಎರಡು ಬೇಕಾಗಲೇ ಇಲ್ಲ, ಒಂದು ಉಳಿಯಿತು.

ಇಲ್ಲೊಂದು ಸಣ್ಣ ಅಪಾಯವನ್ನೂ ಹೇಳಬೇಕು. ‘ಅಡ್ವೈಸಸ್’ ಎಂದು ಬರೆದರೆ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಕೆಂಪು ಗೆರೆ ಎಳೆಯದೆ ಬಿಟ್ಟುಬಿಡಬಹುದು, ಯಾಕೆಂದರೆ ಆ ರೂಪ ನಿಜಕ್ಕೂ ಇದೆ. ವ್ಯಾಪಾರ ಮತ್ತು ಬ್ಯಾಂಕಿನ ಭಾಷೆಯಲ್ಲಿ ಹಣ ಪಾವತಿಯಾದದ್ದನ್ನು ತಿಳಿಸುವ ಚೀಟಿಗೆ ‘ಅಡ್ವೈಸ್’ ಎನ್ನುತ್ತಾರೆ. ಆ ಚೀಟಿಯನ್ನು ಎಣಿಸಬಹುದು. ಹಾಗೆಯೇ ಇಂಗ್ಲಿಷ್ ಕಾನೂನಿನಲ್ಲಿ ‘ಆನ್ ಇನ್‌ಫರ್ಮೇಶನ್’ ಎಂದರೆ ನ್ಯಾಯಾಲಯಕ್ಕೆ ಸಲ್ಲಿಸುವ ಆರೋಪದ ಹೇಳಿಕೆ, ಅದಕ್ಕೂ ಬಹುವಚನವಿದೆ. ಪದ ಒಂದೇ, ಅರ್ಥ ಬೇರೆಯಾದಾಗ ಎಣಿಕೆಯೂ ಬೇರೆ. ‘ಪೇಪರ್’ ಎಂದರೆ ಕಾಗದ, ಎಣಿಸುವಂತಿಲ್ಲ. ‘ಎ ಪೇಪರ್’ ಎಂದರೆ ದಿನಪತ್ರಿಕೆ ಅಥವಾ ಪ್ರಶ್ನೆಪತ್ರಿಕೆ. ಕೆಲಸದ ಅರ್ಜಿಯಲ್ಲಿ ಹತ್ತು ವರ್ಷದ ‘ಎಕ್ಸ್‌ಪೀರಿಯನ್ಸ್’ ಎಂದಾಗ ‘ಎಸ್’ ಇಲ್ಲ. ಪ್ರವಾಸದಲ್ಲಿ ಆದ ಅನುಭವಗಳನ್ನು ಹೇಳುವಾಗ ‘ಎಕ್ಸ್‌ಪೀರಿಯನ್ಸಸ್’ ಸರಿ. ಹೋಟೆಲಿನಲ್ಲಿ ‘ಟೂ ಕಾಫೀಸ್’ ಎನ್ನುವುದೂ ಸರಿ, ಯಾಕೆಂದರೆ ಕಾಫಿ ಲೋಟದಲ್ಲಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಬುದ್ಧಿವಾದಕ್ಕೆ ಅಂಥ ಗೊತ್ತಾದ ಲೋಟವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ‘ಇನ್‌ಫರ್ಮೇಶನ್ಸ್’ ಎನ್ನುವವರನ್ನು ಅವಿದ್ಯಾವಂತರೆಂದು ಕಾಣುವುದು ಅನ್ಯಾಯ ಎಂದೂ ಹೇಳಬೇಕು. ಹದಿನಾಲ್ಕನೆಯ ಶತಮಾನದ ಚಾಸರ್ ಇಂಗ್ಲಿಷಿನ ಮೊದಲ ಮಹಾಕವಿಗಳಲ್ಲೊಬ್ಬ, ಅವನೂ ಆ ಪದವನ್ನು ಬಹುವಚನದಲ್ಲಿ ಬಳಸಿದ್ದಾನೆ. ಇಂದಿಗೂ ಫ್ರೆಂಚರು ಈ ಪದವನ್ನು ತಮ್ಮ ಭಾಷೆಯಲ್ಲಿ ಎಣಿಸುತ್ತಾರೆ, ಜರ್ಮನರೂ ಎಣಿಸುತ್ತಾರೆ. ಫ್ರೆಂಚಿನಲ್ಲಿ ಕುರ್ಚಿ ಮೇಜುಗಳ ಒಟ್ಟು ಹೆಸರಾದ ‘ಮ್ಯೂಬ್ಲ್’ಗೆ ಕೂಡ ಒಂದು, ಎರಡು ಎಂಬ ಲೆಕ್ಕವಿದೆ. ಹಾಗಾಗಿ ಇಂಗ್ಲಿಷ್ ಬರೆಯುವ ಫ್ರೆಂಚರ ಕೈಯಲ್ಲೂ ನಮ್ಮ ಗೆಳತಿಯ ಕೈಯಲ್ಲಿ ಆದ ತಪ್ಪೇ ಆಗುತ್ತದೆ.

ಎಣಿಕೆಗೆ ಸಿಗುವ ಪದ, ಸಿಗದ ಪದ ಇವುಗಳ ನಡುವಿನ ಗೆರೆ ಕಾಲಕ್ಕೆ ತಕ್ಕಂತೆ ಸರಿಯುವುದೂ ಉಂಟು. ಬಟಾಣಿಗೆ ಇಂಗ್ಲಿಷಿನಲ್ಲಿ ಹಿಂದೆ ‘ಪೀಸ್’ ಎಂಬ ಹೆಸರಿತ್ತು. ತುಣುಕು ಎಂಬರ್ಥದ ಪೀಸ್ ಅಲ್ಲ, ಬೇರೆಯದೇ ಪದ. ನಮ್ಮ ಅಕ್ಕಿ, ರಾಗಿಯಂತೆ ರಾಶಿಗೆ ಆದ ಹೆಸರು ಅದು. ಕೊನೆಯ ‘ಸ್’ ಸದ್ದು ಕೇಳಿದ ಜನ ಇದು ಬಹುವಚನವೇ ಇರಬೇಕೆಂದು ತಿಳಿದು, ಅದನ್ನು ಕಳೆದು ‘ಪೀ’ ಎಂಬ ಹೊಸ ಏಕವಚನವನ್ನು ಮಾಡಿಕೊಂಡರು. ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಆ ಪದವೇ ಇಂದು ಶುದ್ಧ ಇಂಗ್ಲಿಷ್. ನಮ್ಮ ಕಣ್ಣೆದುರೇ ‘ಮೇಲ್’ ಎಣಿಕೆಗೆ ಸಿಗದೆ ಉಳಿದರೂ ‘ಈಮೇಲ್’ ಎಣಿಕೆಯ ಪದವಾಗಿದೆ: ‘ಆನ್ ಈಮೇಲ್’, ‘ಟೆನ್ ಈಮೇಲ್ಸ್’ ಎಂದರೆ ಈಗ ಯಾವ ಸಂಪಾದಕರೂ ತಿದ್ದುವುದಿಲ್ಲ. ಭಾರತದ ಇಂಗ್ಲಿಷಿನಲ್ಲಿ ‘ಎಕ್ವಿಪ್‌ಮೆಂಟ್ಸ್’, ‘ಫರ್ನಿಚರ್ಸ್’ ಎಂಬವು ಟೆಂಡರು, ಸುತ್ತೋಲೆಗಳಲ್ಲಿ ಎಷ್ಟು ಬಳಕೆಯಾಗಿವೆ ಎಂದರೆ ಮುಂದೊಂದು ದಿನ ಇಲ್ಲಿ ಅವೂ ಸರಿಯೆನಿಸಬಹುದು. ಇವತ್ತು ಹಾಗಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅರ್ಜಿಯಲ್ಲಿ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಬರವಣಿಗೆಯಲ್ಲಿ ಇವತ್ತಿನ ನಿಯಮವನ್ನೇ ಪಾಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಶಯ ಬಂದಾಗ ನೋಡಲು ಜಾಗವಿದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಸಂಗಡಿಗರೊಂದಿಗೆ ಸೇರಿ ಬೇರೆ ಮನೆಮಾತಿನವರಿಗಾಗಿ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಅದೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಾಗಿ ಬೆಳೆಯಿತು. ಅದರಲ್ಲಿ ಬೇಕಾದ ಕಡೆ ನಾಮಪದದ ಅರ್ಥದ ಜೊತೆ ಎಣಿಕೆಗೆ ಸಿಗುವುದಾದರೆ ‘ಸಿ’, ಸಿಗದಿದ್ದರೆ ‘ಯು’ ಅಕ್ಷರ ಇರುತ್ತದೆ. ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದ ಸಾಮಾನ್ಯ ನಿಘಂಟುಗಳಲ್ಲಿ ಈ ಗುರುತು ಹೆಚ್ಚಾಗಿ ಸಿಗುವುದಿಲ್ಲ, ಅವರಿಗೆ ಅದು ಬೇಕೂ ಇಲ್ಲ. ನಮಗೆ ಬೇಕು.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಅಡ್ವೈಸ್ ಪದ ಬಂದ ದಿನ ಕಪ್ಪು ಹಲಗೆಯ ಮೇಲೆ ‘ಸಲಹೆ’ ಎಂದು ಬರೆಯುವ ಬದಲು ‘ಬುದ್ಧಿವಾದ’ ಎಂದು ಬರೆಯಿರಿ. ಇನ್‌ಫರ್ಮೇಶನ್ ಮುಂದೆ ‘ತಿಳಿವಳಿಕೆ’, ಫರ್ನಿಚರ್ ಮುಂದೆ ‘ಮನೆಯ ಸಜ್ಜು’ ಎಂದು ಬರೆಯಿರಿ. ಆಮೇಲೆ ಆ ಕನ್ನಡ ಪದಗಳನ್ನು ಎಣಿಸಲು ಮಕ್ಕಳಿಗೆ ಹೇಳಿ.